ಶೇಂಗಾ ಇಲ್ಲ ಅಂತ ಬರೆದ ಹಲಗೆ

ಹಲಗೆ ಅಂದರೆ ಸಾಕು, ಹೊಸಕಟ್ಟೆಯ ಗಂಡಸರಿಗೆ ನಗು ಬರುತ್ತಿತ್ತು. ಕಾರ್ತಿಕದ ಪುರಾಣ ಪ್ರವಚನ, ಈಶ್ವರ ದೇವರ ಗುಡಿ ಮುಂದೆ ಚಪ್ಪರ, ದಿನಾ ಮಧ್ಯಾಹ್ನ ಊರಿಗೂರೇ ಕೂತು ಉಣ್ಣುವ ದಾಸೋಹ. ಅಂಥ ಕಡೆ ಚಪ್ಪರದ ಕಂಬಕ್ಕೆ ಇಸ್ಕೂಲಿನ ಕರಿಹಲಗೆ ತೂಗುಹಾಕಿ, ಇವತ್ತಿನ ಪಲ್ಯಕ್ಕೆ ಏನೇನು ಬಿದ್ದಿದೆ ಅಂತ ಬರೆಯುವುದು ಅಂದರೆ ಅವರಿಗೆ ಹುಡುಗಾಟ. "ಪ್ರಸಾದಕ್ಕೂ ಆಸ್ಪತ್ರೆ ಚೀಟಿ ಬಂತಲ್ಲಪ್ಪಾ" ಅಂತ ಒಬ್ಬ ಅಂದರೆ, "ಊಟಕ್ಕೆ ಮುಂಚೆ ಒಂದು, ಊಟ ಆದ್ಮೇಲೆ ಒಂದು" ಅಂತ ಇನ್ನೊಬ್ಬ ಸೇರಿಸುತ್ತಿದ್ದ. ಅನುಸೂಯ ಅದನ್ನೆಲ್ಲ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಸೀಮೆಸುಣ್ಣ ಹಿಡಿದು ತನ್ನ ಪಾಡಿಗೆ ತಾನು ದುಂಡಗೆ ಬರೆಯುತ್ತಿದ್ದಳು.

ಅನುಸೂಯ ಅಂದರೆ ಊರಿನ ನರ್ಸಮ್ಮ. ಮಕ್ಕಳಿಗೆ ಲಸಿಕೆ ಹಾಕುವುದು, ಬಸುರಿಯರ ಮನೆಗೆ ಹೋಗಿ ಬರುವುದು, ಮಾತ್ರೆ ಹಂಚುವುದು ಅವಳ ಕೆಲಸ. ಗಂಡ ಲಕ್ಷ್ಮೀಕಾಂತ್ ರೈಲ್ವೆಯಲ್ಲಿ ಹಳಿ ನೋಡುವ ಕೆಲಸದವನು, ಅರ್ಧ ತಿಂಗಳು ಹೊರಗೇ. ಇದ್ದವಳು ಒಬ್ಬಳೇ ಮಗಳು, ಸುಷ್ಮಿತಾ, ನಾಲ್ಕನೇ ಕ್ಲಾಸು. ಆ ಹುಡುಗಿಗೆ ಉಬ್ಬಸ ಇತ್ತು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಶೇಂಗಾ ಆಗುತ್ತಿರಲಿಲ್ಲ.

ಆಗಲ್ಲ ಅಂದರೆ ಹೊಟ್ಟೆ ಉಬ್ಬರಿಸುವುದೋ ಮೈ ಕೆರೆಯುವುದೋ ಅಂತ ಜನ ತಿಳಿದಿದ್ದರು. ಎರಡು ವರ್ಷದ ಹಿಂದೆ ಇದೇ ದಾಸೋಹದಲ್ಲಿ ಎಲೆ ತುದಿಗೆ ಬಡಿಸಿದ ಶೇಂಗಾ ಚಟ್ನಿಯನ್ನು ಆ ಮಗು ನೆಕ್ಕಿದ್ದಷ್ಟೇ. ತುಟಿ ಊದಿ, ಮೈತುಂಬ ದದ್ದು ಎದ್ದು, ದನಿ ಗೊಗ್ಗರಾಗಿ, ಉಸಿರು ಸಿಕ್ಕಿಕೊಂಡಿತು. ಹೊಳಲ್ಕೆರೆ ಆಸ್ಪತ್ರೆಯಲ್ಲಿ ತೊಡೆಗೆ ಇಂಜೆಕ್ಷನ್ ಬಿದ್ದ ಮೇಲೆ ಜೀವ ಮರಳಿತು. ಆಮೇಲೆ ಚಿತ್ರದುರ್ಗದ ಮಕ್ಕಳ ಡಾಕ್ಟರು ಅನುಸೂಯಳನ್ನು ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದರು. "ಸ್ವಲ್ಪ ತಿಂದ್ರೆ ಪರವಾಗಿಲ್ಲ ಅನ್ನೋ ಕಾಯಿಲೆ ಅಲ್ಲಮ್ಮ ಇದು. ಶೇಂಗಾ ಪುಡಿ ಮುಟ್ಟಿದ ಸೌಟು ಸಾಕು. ಉಬ್ಬಸ ಬೇರೆ ಐತೆ, ಅಂಥವರಿಗೆ ಇನ್ನೂ ಅಪಾಯ. ಅಡ್ರಿನಲಿನ್ ಇಂಜೆಕ್ಷನ್ ಹತ್ರ ಇಟ್ಕೋ, ನೀನು ನರ್ಸು, ಹಾಕಕ್ಕೆ ಬರುತ್ತೆ. ತಡ ಮಾಡ್ಬೇಡ. ತಡ ಆದ್ರೆ ಔಷಧಿ ಕೇಳಲ್ಲ. ಹಾಕಿದ ಮೇಲೂ ಆಸ್ಪತ್ರೆಗೆ ಬರಲೇಬೇಕು."

ಅವತ್ತಿನಿಂದ ಅವಳ ಕೆಲಸದ ಚೀಲದಲ್ಲಿ ಒಂದು ಡಬ್ಬಿ, ಅದರೊಳಗೆ ಹತ್ತಿಯಲ್ಲಿ ಸುತ್ತಿದ ಔಷಧಿ, ಸಿರಿಂಜು. ಮರುವರ್ಷದ ದಾಸೋಹದಲ್ಲಿ ಎಲ್ಲ ಮಕ್ಕಳೂ ಪಂಕ್ತಿಯಲ್ಲಿ ಕೂತರೆ ಸುಷ್ಮಿತಾ ಗುಡಿ ಕಟ್ಟೆಯ ಮೇಲೆ ಒಬ್ಬಳೇ ಕೂತು ಮನೆಯಿಂದ ತಂದ ಬುತ್ತಿ ಉಂಡಳು. ಮಕ್ಕಳು ಬಿಡುತ್ತವೆಯೇ, 'ಡಬ್ಬಿ ಸುಷ್ಮಿ' ಅಂತ ಹೆಸರಿಟ್ಟವು. ಮನೆಗೆ ಬಂದು ಹುಡುಗಿ ಕೇಳಿತು: "ಅಮ್ಮಾ, ನಾನು ದೇವರ ಊಟ ಯಾವತ್ತೂ ಉಣ್ಣಂಗಿಲ್ವಾ?" ಅನುಸೂಯ ಅವತ್ತೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಳು, ಬರುವ ವರ್ಷ ನನ್ನ ಮಗಳು ಪಂಕ್ತಿಯಲ್ಲೇ ಕೂರಬೇಕು.

ಹಾಗಾಗಿ ಬಂದದ್ದು ಈ ಹಲಗೆ. ದಾಸೋಹ ಸಮಿತಿಯ ಯಜಮಾನ ಏಕಾಂತಪ್ಪನವರ ಮನೆಗೆ ಅವಳು ಎಷ್ಟು ಸಲ ಅಲೆದಳೋ. ಮೊದಲು ಅವರು "ದೇವರ ಪ್ರಸಾದದಿಂದ ಯಾರಿಗೆ ಏನಾಯ್ತದಮ್ಮ" ಅಂದರು. "ಅವತ್ತು ಮಗೂನ ನೀವೇ ಜೀಪಿಗೆ ಎತ್ತಿ ಹಾಕಿದ್ರಲ್ಲ ಗೌಡ್ರೇ" ಅಂತ ಇವಳು ಅಂದಳು. ಕೊನೆಗೆ ಅವರು ಒಪ್ಪಿದರು. ಚಟ್ನಿ ಮಾಡುವುದಾದರೆ ಕಾಯಿ, ಹುರಿಗಡಲೆಯದು. ಎಣ್ಣೆ ಸೂರ್ಯಕಾಂತಿಯದು. ಬೆಳಿಗ್ಗೆ ಒಲೆ ಹೊತ್ತಿಸುವ ಮುಂಚೆ ಅಡುಗೆಯ ಚಿತ್ತಯ್ಯ ಸಾಮಾನನ್ನೆಲ್ಲ ಮುಂದಿಡಬೇಕು, ಅನುಸೂಯ ಮಸಾಲೆ ಪ್ಯಾಕೆಟ್ಟಿನ ಹಿಂದೆ ಬರೆದದ್ದನ್ನೂ ಬಿಡದೆ ಓದಬೇಕು, ಆಮೇಲೆ ಹಲಗೆ ಬರೆಯಬೇಕು. ಹಲಗೆ ಬರೆದಾದ ಮೇಲೆ ಹೊರಗಿನಿಂದ ಬಂದ ಯಾವುದೂ ಹಂಡೆಗೆ ಬೀಳಕೂಡದು. ಈ ಕಡೇ ಮಾತಿಗೆ ಏಕಾಂತಪ್ಪನವರು ತಲೆ ಕೆರೆದುಕೊಂಡರು. ಯಾಕೆಂದರೆ ಅಲ್ಲಿನ ಪದ್ಧತಿಯೇ ಬೇರೆ. ಭಕ್ತರು ಮನೆಯಿಂದ ತಂದದ್ದು, ಒಂದು ಹಿಡಿ ಬೇಳೆಯಾಗಲಿ, ಒಂದು ಕುಡಿಕೆ ಬೆಣ್ಣೆಯಾಗಲಿ, ಹಂಡೆಯೊಳಗೇ ಬೆರೆಯಬೇಕು. ಬೆರೆತರೇನೇ ದೇವರಿಗೆ ಮುಟ್ಟಿತು ಅಂತ. "ತಂದಿದ್ದನ್ನ ಉಗ್ರಾಣದಲ್ಲಿಟ್ಟು ನಾಳೆ ಹಾಕಾಣ, ಬರೆದು ಹಾಕಾಣ" ಅಂತ ಅನುಸೂಯ ದಾರಿ ತೋರಿಸಿದಳು. ಅದೇ ತೀರ್ಮಾನವಾಯಿತು.

ನಕ್ಕವರು ನಕ್ಕರು. ಆದರೆ ಹಲಗೆ ಓದುವವರೂ ಹುಟ್ಟಿಕೊಂಡರು. ಬದನೆಕಾಯಿ ತಿಂದರೆ ಮೈಯೆಲ್ಲ ಕಡಿತ ಬರುತ್ತಿದ್ದ ಅಂಜನಪ್ಪ ದಿನಾ ಬಂದು "ಇವತ್ತು ನನ್ ವೈರಿ ಅವ್ನಾ?" ಅಂತ ಕೇಳಿಕೊಂಡು ಹೋಗುತ್ತಿದ್ದ. ಸಕ್ಕರೆ ಕಾಯಿಲೆಯ ಮುದುಕಿಯರು ಪಾಯಸದ ಸಾಲನ್ನು ಓದಿಸಿಕೊಂಡು ನಿಟ್ಟುಸಿರು ಬಿಡುತ್ತಿದ್ದರು. ಸುಷ್ಮಿತಾಳ ಜಂಬವಂತೂ ಹೇಳತೀರದು. ಊಟದ ಬೆಲ್ಲಿಗೆ ಇಸ್ಕೂಲು ಬಿಟ್ಟವಳೇ ಓಡಿ ಬಂದು, ಹಲಗೆಯ ಮುಂದೆ ನಿಂತು, ಗೆಳತಿಯರಿಗೆ ಕೇಳುವಂತೆ ಗಟ್ಟಿಯಾಗಿ ಓದುವಳು: "ಗೋಧಿ ಇದೆ, ಹಾಲು ಇದೆ, ಗೋಡಂಬಿ ಇದೆ. ಎಳ್ಳು ಇಲ್ಲ. ಶೇಂಗಾ ಇಲ್ಲ!" ಆಮೇಲೆ ಹೋಗಿ ಎಲೆ ಮುಂದೆ ಚಕ್ಕಂಬಕ್ಕಳ ಹಾಕಿ ಕೂರುವಳು. ಮೊದಲ ದಿನ ಅವಳು ಪಂಕ್ತಿಯಲ್ಲಿ ಕೂತು ಸಾರನ್ನ ಕಲೆಸಿದ್ದನ್ನು ನೋಡಿ ಅನುಸೂಯ ಕಂಬದ ಮರೆಗೆ ಹೋಗಿ ಕಣ್ಣೊರೆಸಿಕೊಂಡಳು.

ಪ್ರವಚನದ ಮಂಗಲದ ದಿನ ಭಾನುವಾರ ಬಿತ್ತು. ಸುತ್ತಲ ಹಳ್ಳಿಗಳ ಜನವೆಲ್ಲ ಬಂದಿತ್ತು. ಅನ್ನ, ಬೇಳೆ ಸಾರು, ಬದನೆಕಾಯಿ ಪಲ್ಯ, ಗೋಧಿ ಪಾಯಸ. ಅನುಸೂಯ ಬೆಳಿಗ್ಗೆಯೇ ಎಲ್ಲ ನೋಡಿ ಹಲಗೆ ಬರೆದಿದ್ದಳು. ಸುಷ್ಮಿತಾ ಹಸಿರು ಲಂಗ ಉಟ್ಟುಕೊಂಡು ಬಂದು ಓದಿಯೂ ಆಗಿತ್ತು. ಆರತಿ ತಟ್ಟೆ ಹಿಡಿಯುವ ಹುಡುಗಿಯರಲ್ಲಿ ಅವಳೂ ಒಬ್ಬಳು. ಆರತಿ ಮುಗಿಯುವ ತನಕ ಅವಳು ಗುಡಿ ಒಳಗೇ ಇರುತ್ತಾಳೆ, ಆಮೇಲೆ ನನ್ನ ಜೊತೆ ಎರಡನೇ ಪಂಕ್ತಿಗೆ ಕೂರುತ್ತಾಳೆ ಅಂತ ಅನುಸೂಯ ಲೆಕ್ಕ ಹಾಕಿದ್ದಳು. ಆ ಧೈರ್ಯದಲ್ಲೇ, ಊಟಕ್ಕೆ ಮುಂಚೆ ತಂದರಾಯಿತು ಅಂತ, ಔಷಧಿಯ ಚೀಲವನ್ನು ಮನೆಯ ಗೂಟಕ್ಕೆ ನೇತುಹಾಕಿ ಬಂದಿದ್ದಳು.

ಆರತಿಗೆ ಇನ್ನೂ ಸ್ವಲ್ಪ ಹೊತ್ತಿದೆ ಅನ್ನುವಾಗ ಅಡುಗೆ ಕೊಟ್ಟಿಗೆಯ ಬಾಗಿಲಲ್ಲಿ ಗದ್ದಲ ಕೇಳಿತು. ಬೋರಕ್ಕ ನಿಂತಿದ್ದಳು. ಮಾಡದಕೆರೆ ಕಡೆಯಿಂದ ಕೂಲಿಗೆ ಬಂದು ಈ ಊರಲ್ಲೇ ನಿಂತ ಹೆಂಗಸು. ಬದುಕೆಲ್ಲ ಕಂಡವರ ಹೊಲದಲ್ಲಿ ಕಳೆ ಕಿತ್ತವಳು. ಈ ವರ್ಷ ಮೊದಲ ಸಲ ತುಂಡು ಹೊಲ ಗುತ್ತಿಗೆ ಹಿಡಿದು ತಾನೇ ಶೇಂಗಾ ಬಿತ್ತಿದ್ದಳು. ಆ ಮೊದಲ ಬೆಳೆಯನ್ನು ಹುರಿದು, ಒರಳಲ್ಲಿ ಕುಟ್ಟಿ ಪುಡಿ ಮಾಡಿ, ಒಗೆದ ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ತಂದಿದ್ದಳು. ಸಮಿತಿಯ ಹುಡುಗರು ಬಾಗಿಲಿಗೆ ಅಡ್ಡ ನಿಂತಿದ್ದರು.

"ಹಲಗೆ ಬರ್ದಾಯ್ತು ಬೋರಕ್ಕ, ಇನ್ನು ಹೊರಗಿಂದು ಒಳಗೆ ಬರಂಗಿಲ್ಲ. ರೂಲ್ಸು."

"ಯಾವ ರೂಲ್ಸಪ್ಪ? ಈಗ ತಿಪ್ಪೇರುದ್ರಪ್ಪರ ಮನೆ ತುಪ್ಪ ಹೋತಲ್ಲ ಒಳಗೆ? ನನ್ ಕಣ್ಣೆದುರಿಗೇ ಹೋತು."

ಹೋಗಿತ್ತು, ನಿಜ. ದೊಡ್ಡ ಮನೆಯ ತುಪ್ಪದ ಡಬ್ಬಿಗೆ ಯಾರೂ ರೂಲ್ಸು ಹೇಳಿರಲಿಲ್ಲ. ಚಿತ್ತಯ್ಯ ತಲೆ ತಗ್ಗಿಸಿ ಸೌದೆ ಮುಂದಕ್ಕೆ ತಳ್ಳುತ್ತಿದ್ದ. ಅನುಸೂಯಳಿಗೆ ಮುಖದ ಮೇಲೆ ಯಾರೋ ಹೊಡೆದಂತಾಯಿತು. ತನ್ನ ಮಗಳ ಜೀವಕ್ಕೆಂದು ತಂದ ಹಲಗೆಯನ್ನು ಇವರು ಬಡವರನ್ನು ಬಾಗಿಲಲ್ಲಿ ನಿಲ್ಲಿಸಲು ಇಟ್ಟುಕೊಂಡಿದ್ದಾರೆ! ಇದೆಂಥ ಕರ್ಮ ಅಂತ ಅವಳಿಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೆ ಬಂದವು.

ಆದರೂ ಮೆತ್ತಗೆ ಹೇಳಿದಳು: "ಬೋರಕ್ಕ, ಇದನ್ನ ಬೇರೆ ಬಟ್ಟಲಲ್ಲಿ ಇಡ್ತೀನಿ. ಬೇಕಾದೋರಿಗೆ ಎಲೆಗೆ ಬಡಿಸ್ತೀವಿ. ನಾನೇ ನಿಂತು ಬಡಿಸ್ತೀನಿ."

ಬೋರಕ್ಕ ಗಂಟನ್ನು ಎದೆಗೆ ಒತ್ತಿಕೊಂಡಳು. ಅವಳ ದನಿ ಜೋರಾಗಲಿಲ್ಲ. "ಬೇರೆ ಇಡೋದು ಅಂದ್ರೇನು ಅಂತ ನಂಗೆ ಹೇಳ್ಬ್ಯಾಡವ್ವ. ಹುಟ್ಟಿದಾಗ್ನಿಂದ ಬೇರೇನೇ ಇಟ್ಟವ್ರೆ. ಲೋಟ ಬೇರೆ, ಜಾಗ ಬೇರೆ. ದೇವರ ಹಂಡೆ ಒಂದಾದ್ರೂ ಒಂದೇ ಅಂದ್ಕಂಡಿದ್ದೆ. ಬ್ಯಾಡಾಂದ್ರೆ ತಗಂಡು ಹೋಗ್ತೀನಿ ಬಿಡು."

ಅವಳು ತಿರುಗಿದಳು. ಸುತ್ತ ನಿಂತ ಹೆಂಗಸರೆಲ್ಲರ ಕಣ್ಣೂ ಅನುಸೂಯಳ ಮೇಲಿತ್ತು. ಎಲ್ಲಿಂದ ಬಂತೋ ಆ ಮಾತು, ಅವಳ ಬಾಯಿಂದ ಬಂದುಬಿಟ್ಟಿತು: "ನಿಂತ್ಕಳ್ಳಕ್ಕ. ಹಾಕ್ರಿ ಚಿತ್ತಯ್ಯ. ಪಲ್ಯದ ಹಂಡೆಗೆ ಮಾತ್ರ ಹಾಕ್ರಿ. ಆ ಸೌಟು ಬೇರೆ ಯಾವ್ದಕ್ಕೂ ಮುಟ್ಟಬಾರ್ದು. ನಾನು ಹಲಗೆ ತಿದ್ದಿ ಬರ್ತೀನಿ, ಅಲ್ಲಿ ತಂಕ ಒಂದು ಎಲೆಗೂ ಬಡಿಸ್ಬ್ಯಾಡ್ರಿ."

ಚಿತ್ತಯ್ಯ ಅವಳ ಮುಖ ನೋಡಿದ. "ನೋಡಮ್ಮ, ನಿನ್ ಮಗಳೂ..." ಅಂದ. "ಅವಳು ನನ್ ಜೊತೆ ಉಣ್ತಾಳೆ, ನಾನು ನೋಡ್ಕಂತೀನಿ" ಅಂದಳು. ಬೋರಕ್ಕ ತಾನೇ ಬಗ್ಗಿ ಗಂಟು ಬಿಚ್ಚಿ ಪುಡಿಯನ್ನು ಹಂಡೆಗೆ ಸುರಿದಳು. ಕೈ ಮುಗಿದಳು. ಆ ಮುಖದಲ್ಲಿದ್ದ ಸಂತೋಷ ಅನುಸೂಯಳಿಗೂ ತಟ್ಟಿತು. ಸುಳ್ಳೇಕೆ, ಆ ಗಳಿಗೆಯಲ್ಲಿ ತಾನು ಮಾಡಿದ್ದು ಸರಿ ಅಂತಲೇ ಅವಳಿಗೆ ಅನಿಸಿತು.

ಹಲಗೆ ಹತ್ತಿರ ಹೋದರೆ ಸೀಮೆಸುಣ್ಣ ಇಲ್ಲ. ಯಾವುದೋ ಮಗು ಎತ್ತಿಕೊಂಡು ಹೋಗಿತ್ತು. ಹುಡುಕಿ, ಕೇಳಿ, ಕೊನೆಗೆ ರಂಗೋಲಿ ಹಾಕಿದ್ದವರ ಹತ್ತಿರ ಒಂದು ತುಂಡು ಸಿಕ್ಕಿತು. ಸೆರಗಿನಲ್ಲಿ 'ಶೇಂಗಾ ಇಲ್ಲ' ಅನ್ನುವುದನ್ನು ಒರೆಸಿ, 'ಪಲ್ಯದಲ್ಲಿ ಶೇಂಗಾ ಇದೆ' ಅಂತ ದಪ್ಪಗೆ ಬರೆದು, ಕೆಳಗೆ ಗೆರೆ ಎಳೆದಳು. ಮೈಕಿನಲ್ಲಿ ಒಂದು ಸಲ ಕೂಗಿ ಹೇಳಿಸೋಣ ಅಂತ ಗುಡಿ ಕಡೆ ನೋಡಿದಳು. ಮೈಕಿನಲ್ಲಿ ಮಂಗಳಾರತಿ ನಡೆದಿತ್ತು, ಗಂಟೆ ಜಾಗಟೆಯ ಸದ್ದಿಗೆ ಯಾರ ಮಾತೂ ಯಾರಿಗೂ ಕೇಳುವಂತಿರಲಿಲ್ಲ. ಮುಗಿಯಲಿ ಅಂತ ನಿಂತಳು.

ಅವಳಿಗೆ ತಿಳಿಯದೇ ಹೋದದ್ದು ಇದು. ಜನ ಜಾಸ್ತಿಯಾಯಿತು ಅಂತ ಏಕಾಂತಪ್ಪನವರು, ಆರತಿ ನಡೆಯುವಾಗಲೇ, "ಮಕ್ಕಳು ಹಸ್ಕಂಡವೆ, ಮೊದಲು ಮಕ್ಕಳ ಪಂಕ್ತಿ ಕೂರಿಸಿಬಿಡ್ರಿ" ಅಂದಿದ್ದರು. ಆರತಿ ತಟ್ಟೆಗಳನ್ನು ದೊಡ್ಡ ಹೆಂಗಸರು ಇಸಿದುಕೊಂಡು ಹುಡುಗಿಯರನ್ನೂ ಕಳಿಸಿದ್ದರು. ಮಕ್ಕಳು ಹಲಗೆಯ ಕಡೆ ಬಾರದೆ ಚಪ್ಪರದ ಹಿಂದಿನ ಕಿಂಡಿಯಿಂದ ನುಗ್ಗಿ ಕೂತಿದ್ದವು. ಚಿತ್ತಯ್ಯ ಪಾಯಸದ ಹಂಡೆ ಇಳಿಸುತ್ತಿದ್ದ. ಬಡಿಸುವವರು ಬೇರೆ ಹುಡುಗರು, ಯಜಮಾನರು ಹೇಳಿದರು ಅಂತ ಪಲ್ಯದ ಬಕೆಟ್ಟು ತುಂಬಿಕೊಂಡು ಹೋಗಿಬಿಟ್ಟಿದ್ದರು.

ಆರತಿ ನಿಂತಿತು. ಗದ್ದಲ ಇಳಿಯುತ್ತಿದ್ದಂತೆ ಚಪ್ಪರದ ಆ ಕೊನೆಯಲ್ಲಿ ಯಾರೋ "ನೀರು ಕುಡಿಸ್ರಿ, ನೆತ್ತಿಗೆ ಹತ್ತೈತೆ" ಅಂತ ಕೂಗಿದರು. ಅನುಸೂಯಳ ಕಾಲು ಅವಳಿಗಿಂತ ಮೊದಲೇ ಓಡಿತು. ಹಸಿರು ಲಂಗ ಕಂಡಿತು. ಒಬ್ಬ ಹೆಂಗಸು ಮಗುವಿನ ಬೆನ್ನು ತಟ್ಟುತ್ತಿದ್ದಳು, ಇನ್ನೊಬ್ಬಳು ದೃಷ್ಟಿ ಆಗಿರಬೇಕು ಅಂತ ನೆಟಿಕೆ ಮುರಿಯುತ್ತಿದ್ದಳು. ಆಗಲೇ ಎಷ್ಟೋ ಹೊತ್ತು ಕಳೆದಿತ್ತು. ತುಟಿ ಊದಿ ಹೋಗಿತ್ತು, ಎಲೆಯ ಮೇಲೆ ವಾಂತಿಯಾಗಿತ್ತು, ಒಂದೊಂದು ಉಸಿರಿಗೂ ಕತ್ತಿನ ಕುಳಿ ಒಳಕ್ಕೆ ಹೋಗುತ್ತಿತ್ತು.

"ಚೀಲ! ನಮ್ಮನೆ ಗೂಟದಲ್ಲೈತೆ, ಯಾರಾದ್ರೂ ಓಡ್ರೋ!" ಅಂತ ಚೀರಿದಳು. ಯಾರೋ ಓಡಿದರು. ಗುಡಿಯಿಂದ ಅವಳ ಮನೆ ಊರಿನ ಆ ತುದಿಗೆ. ಚೀಲ ಬರುವ ಹೊತ್ತಿಗೆ ಮಗುವಿನ ಉಗುರು ನೀಲಿಗೆ ತಿರುಗಿತ್ತು. ಡಬ್ಬಿ ಬಿಚ್ಚಿ ಸಿರಿಂಜಿಗೆ ಔಷಧಿ ಎಳೆದಳು. ಲಂಗ ಸರಿಸಿ ತೊಡೆಗೆ ಹಾಕಿದಳು.

ಊರಲ್ಲಿ ಜೀಪು ಇಟ್ಟಿದ್ದ ಜಂಪಣ್ಣ ತಾಯಿ ಮಗಳನ್ನು ಹತ್ತಿಸಿಕೊಂಡು ಹೊಳಲ್ಕೆರೆಗೆ ಹೊರಟ. ಔಷಧಿ ಸ್ವಲ್ಪ ಕೆಲಸ ಮಾಡಿತು. ಸುಷ್ಮಿತಾ ಕಣ್ಣು ತೆರೆದಳು, ತಾಯಿಯ ಸೆರಗು ಹಿಡಿದಳು. ಗೊಗ್ಗರು ದನಿಯಲ್ಲಿ, ತುಂಡು ತುಂಡಾಗಿ ಅಂದಳು: "ಓದಿದ್ದೆ ಅಮ್ಮ. ಶೇಂಗಾ ಇಲ್ಲ ಅಂತ... ನೀನೇ ಬರ್ದಿದ್ದೆ."

ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ಮಗು ಸಮಜಾಯಿಷಿ ಹೇಳುತ್ತಿತ್ತು. ಅಮ್ಮ ಬೈಯುತ್ತಾಳೆ ಅಂತ ಅದಕ್ಕೆ ಭಯ. ಅನುಸೂಯ "ಹೌದು ಕಂದ, ನೀನು ಸರಿಯಾಗೇ ಓದಿದ್ದೀಯ, ಮಾತಾಡ್ಬ್ಯಾಡ" ಅಂತ ಎದೆಗೆ ಅವಚಿಕೊಂಡಳು. ಚಿಕ್ಕಜಾಜೂರಿನ ರೈಲ್ವೆ ಗೇಟು ಹಾಕಿತ್ತು. ಗೂಡ್ಸು ಗಾಡಿ ನಿಧಾನಕ್ಕೆ, ಮುಗಿಯುವುದೇ ಇಲ್ಲ ಅನ್ನುವಂತೆ ಹೋಗುತ್ತಿತ್ತು. ಉಸಿರು ಮತ್ತೆ ಸಿಕ್ಕಿಕೊಂಡಿತು. ಉಳಿದಿದ್ದ ಔಷಧಿ ಎಳೆದು ಇನ್ನೊಂದು ತೊಡೆಗೆ ಹಾಕಿದಳು, ಬಾಯಿಗೆ ಬಾಯಿ ಕೊಟ್ಟು ಊದಿದಳು. ಗಾಳಿ ಒಳಗೆ ಹೋಗಲಿಲ್ಲ. ಗೇಟು ತೆರೆದ ಮೇಲೆ ಜಂಪಣ್ಣ ಜೀಪನ್ನು ಹೇಗೆ ಓಡಿಸಿದನೋ ಅವನಿಗೇ ಗೊತ್ತಿಲ್ಲ. ಹೊಳಲ್ಕೆರೆ ಮುಟ್ಟುವ ಮುಂಚೆಯೇ ಸೆರಗು ಹಿಡಿದಿದ್ದ ಕೈ ಸಡಿಲವಾಗಿತ್ತು.

ಮಣ್ಣು ಮಾಡಿ ಬಂದ ಮೇಲೆ ಊರಿಗೆ ಬೈಯಲು ಒಬ್ಬರು ಬೇಕಾಗಿತ್ತು. ಬೋರಕ್ಕನ ಹೆಸರು ಆಗಲೇ ಬಾಯಿಂದ ಬಾಯಿಗೆ ಓಡಾಡುತ್ತಿತ್ತು. ಏಕಾಂತಪ್ಪನವರು ಬಂದು, "ಆ ಹೆಂಗಸಿನ ಹಟದಿಂದ ಆಯ್ತಮ್ಮ ಇದು. ನಿನ್ ಹಲಗೇನೂ ಇನ್ನು ಬ್ಯಾಡ, ಹಲಗೆ ಇದ್ರೆ ಜವಾಬ್ದಾರಿ ನಮ್ ತಲೆ ಮೇಲೆ ಬರುತ್ತೆ" ಅಂದರು. ಲಕ್ಷ್ಮೀಕಾಂತ್ ಗೋಡೆಗೆ ಒರಗಿ ಕೂತಿದ್ದ. ಅನುಸೂಯ, "ಹಾಕ್ರಿ ಅಂದೋಳು ನಾನು ಗೌಡ್ರೇ. ಕಾಯ್ರಿ ಅಂತಲೂ ಅಂದಿದ್ದೆ. ಮಕ್ಕಳನ್ನ ಕೂರಿಸಿದೋರು ನೀವು" ಅಂದಳು. ಅವರು ಎದ್ದು ಹೋದರು.

ಮೂರನೇ ದಿನದ ಹಾಲು ತುಪ್ಪ ಆದ ಮೇಲೆ ಬೋರಕ್ಕ ಬಂದಳು. ಒಳಗೆ ಬರಲಿಲ್ಲ, ಅಂಗಳದಲ್ಲೇ ಕುಕ್ಕರಗಾಲಲ್ಲಿ ಕೂತಳು. ಊಟ ಬಿಟ್ಟವಳ ಮುಖ. ನೆಲ ಕೆರೆಯುತ್ತ ಕೇಳಿದಳು:

"ಒಂದು ಮಾತು ಹೇಳವ್ವ ತಾಯಿ. ಜನ ಅಂತಾರೆ, ನನ್ ಪುಡಿಯಿಂದ ಮಗೀಗೆ ಹಂಗಾತು ಅಂತ. ಶೇಂಗಾ ತಿಂದು ಯಾರಾದ್ರೂ ಸಾಯ್ತಾರಾ? ನಾವೆಲ್ಲ ಅದ್ನೇ ತಿಂದು ಬದುಕಿದೋರಲ್ವಾ? ನೀನು ಓದಿದೋಳು. ನೀನು ಹೇಳಿದ್ರೆ ನಂಬ್ತೀನಿ. ನನ್ ಪುಡೀನೇನಾ?"

ಅನುಸೂಯ ಆ ಒಣಗಿದ ಕೈಗಳನ್ನು ನೋಡಿದಳು. ಸಾಯುವ ತನಕ ಈ ಹೆಂಗಸು ಇದನ್ನು ಹೊರಬೇಕೇ? ನನ್ನದೊಂದು ಜೀವ ಬೆಂದದ್ದು ಸಾಲದೇ? ಅವಳಿಗೆ ಕರುಣೆ ಬಂತು. "ಇಲ್ಲ ಬೋರಕ್ಕ. ಅವಳಿಗೆ ಮೊದಲಿಂದ ಉಬ್ಬಸ ಇತ್ತಲ್ಲ. ಅದರಿಂದ ಆತು. ನಿಂದೇನೂ ಇಲ್ಲ."

ಬೋರಕ್ಕನ ಎದೆಯಿಂದ ಅಷ್ಟು ದೊಡ್ಡ ಉಸಿರು ಹೊರಬಂತು. ಅತ್ತಳು, ಸೆರಗಿನಿಂದ ಮೂಗು ಒರೆಸಿಕೊಂಡಳು, ಆಕಾಶದ ಕಡೆ ಕೈ ಮುಗಿದಳು. ಎದ್ದು ನಿಂತು, ಅನುಸೂಯಳ ಗಲ್ಲ ಮುಟ್ಟಿ ಅಂದಳು:

"ನನ್ ಜೀವ ಉಳಿಸ್ದೆ ಕಣವ್ವ. ಬರೋ ವರ್ಷ ಆ ಮಗೀನ ಹೆಸರಲ್ಲಿ ಒಂದು ಚೀಲ ತರ್ತೀನಿ. ಊರ ಮಕ್ಕಳೆಲ್ಲ ತಿನ್ಲಿ. ಎಲ್ಲ ಹಂಡೆಗೂ ನಾನೇ ಕೈಯಾರ ಹಾಕ್ತೀನಿ."

ಅವಳು ಅಂಗಳ ದಾಟಿ ಬೀದಿಗೆ ಇಳಿದಳು. ಅನುಸೂಯಳಿಗೆ ಆಗ ಹೊಳೆಯಿತು. ಬರುವ ವರ್ಷ ಹಲಗೆ ಇರುವುದಿಲ್ಲ. ಯಾವ ಊರಿನಿಂದಲೋ ಬಂದ, ಯಾವ ತಾಯಿಯದೋ ಒಂದು ಮಗು ಎಲೆ ಮುಂದೆ ಕೂತಿರುತ್ತದೆ. ಇಲ್ಲ ಅಂತ ನಾನು ಹೇಳಿದ್ದನ್ನು ಇವಳು ನಂಬಿಕೊಂಡು ಹೋಗುತ್ತಿದ್ದಾಳೆ.

ಎದ್ದಳು. ಬಾಗಿಲ ಚೌಕಟ್ಟು ಹಿಡಿದುಕೊಂಡು ಕೂಗಿದಳು: "ಬೋರಕ್ಕ! ನಿಂತ್ಕ. ವಾಪಸ್ ಬಾ. ನಾನು ಸುಳ್ಳು ಹೇಳ್ದೆ."

ಬೋರಕ್ಕ ಬೀದಿಯಲ್ಲಿ ತಿರುಗಿ ನಿಂತಳು. ಅಳು ನಿಂತು ಈಗಷ್ಟೇ ಹಗುರಾಗಿದ್ದ ಮುಖ. ಅನುಸೂಯ ಅವಳ ಹತ್ತಿರಕ್ಕೆ ನಡೆದು ಹೋಗಿ, ಎರಡು ಕೈಯನ್ನೂ ಹಿಡಿದುಕೊಂಡು, ಎಲ್ಲವನ್ನೂ ಹೇಳಿದಳು.